ಶ್ರಮದಾನಕ್ಕೆ ಜನರನ್ನು ಕರೆಯುವ ಕ್ಯಾರೋಸೆಲ್: ಯಾವ ಸ್ಲೈಡಿನಲ್ಲಿ ಏನು ಬರೆಯಬೇಕು?

ಹನ್ನೊಂದನೇ ಅಡ್ಡರಸ್ತೆ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹತ್ತಿರದ ಉದ್ಯಾನದ ಹಿಂಬದಿ ಮೂಲೆಯಲ್ಲಿ ಕಸದ ರಾಶಿ ಬೆಳೆದು ನಿಂತಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಅದನ್ನು ತೆಗೆದುಹಾಕಬೇಕೆಂದು ಬಡಾವಣೆಯ ಕೆಲವರು ಸೇರಿ ನಿರ್ಧರಿಸಿದ್ದೇವೆ. ಸ್ವಯಂಸೇವಕರನ್ನು ಕರೆಯಲು ಇನ್‌ಸ್ಟಾಗ್ರಾಮ್‌ಗೆ ಹತ್ತು ಸ್ಲೈಡುಗಳ ಕ್ಯಾರೋಸೆಲ್ ಸಿದ್ಧವಾಗುತ್ತಿದೆ. ಅದನ್ನೇ ವಾಟ್ಸ್ಆ್ಯಪ್ ಗುಂಪುಗಳಿಗೂ ಹಾಕುತ್ತೇವೆ.

ಈಗಿನ ಕ್ರಮ ಹೀಗಿದೆ: ಮೊದಲು ಒಂದು ಸುಭಾಷಿತ, ಆಮೇಲೆ ನಮ್ಮ ಬಳಗದ ಪರಿಚಯ, ಸ್ವಚ್ಛತೆಯ ಬಗ್ಗೆ ಮೂರು ಸ್ಲೈಡು, ರಾಶಿಯ ಎರಡು ಫೋಟೊ, ಎಂಟನೆಯದರಲ್ಲಿ ಕೆಲಸಗಳ ಪಟ್ಟಿ, ಒಂಬತ್ತರಲ್ಲಿ ಸಮಯ, ಹತ್ತರಲ್ಲಿ ಕ್ಯೂಆರ್ ಕೋಡ್. ಪಕ್ಕದ ಬಡಾವಣೆಯವರು ಇದೇ ರೀತಿ ಮಾಡಿದ್ದರು. ಮೆಚ್ಚುಗೆ ಬೇಕಾದಷ್ಟು ಬಂತು, ಬೆಳಿಗ್ಗೆ ಪೊರಕೆ ಹಿಡಿಯಲು ಬಂದವರು ಮಾತ್ರ ಅವರ ಮನೆಯವರೇ. ನಮಗೆ ಮೂವತ್ತು ಜನರಾದರೂ ಬೇಕು. ಏನು ಬದಲಾಯಿಸಬೇಕು?

ಬಣ್ಣದ ಪೆಟ್ಟಿಗೆ
ನಾನು ವಿನ್ಯಾಸದ ಕೆಲಸ ಮಾಡುವವಳು. ಸುಭಾಷಿತವನ್ನು ಮೊದಲು ತೆಗೆಯಿರಿ. ಮೊದಲ ಸ್ಲೈಡಿನಲ್ಲಿ ರಾಶಿಯ ಫೋಟೊ ಇರಲಿ, ಅದರ ಮೇಲೆ ಸ್ಥಳ, ದಿನಾಂಕ, ಗಂಟೆ, ‘30 ಜನ ಬೇಕು’ ಎನ್ನುವ ಮಾತು ಇರಲಿ. ದಿನವೂ ಆ ಮೂಲೆಯನ್ನು ದಾಟುವವರು ಫೋಟೊ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಎರಡನೆಯ ಸ್ಲೈಡಿಗೂ ಅಷ್ಟೇ ತೂಕವಿದೆ. ಮೊದಲನೆಯದನ್ನು ನೋಡಿ ಹಾಗೆಯೇ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಮತ್ತೊಮ್ಮೆ ಅದೇ ಪೋಸ್ಟ್ ತೋರಿಸುವಾಗ ಎರಡನೆಯ ಚಿತ್ರವನ್ನು ಮುಂದಿಡುವುದುಂಟು. ಅಲ್ಲಿ ಬಳಗದ ಪರಿಚಯವಿದ್ದರೆ ಆ ಅವಕಾಶವೂ ಕೈತಪ್ಪುತ್ತದೆ. ಕೆಲಸಗಳ ಪಟ್ಟಿ ಎರಡನೆಯದಕ್ಕೇ ಬರಲಿ. ಅಳತೆ 1080 × 1350 ಇಟ್ಟುಕೊಳ್ಳಿ, ಅಕ್ಷರಗಳು ಅಂಚಿಗೆ ತಾಗದಿರಲಿ.

ವರುಣಾ ನಾಲೆ
ಹತ್ತೇ ಏಕೆ? ಈಗ ಇಪ್ಪತ್ತು ಸ್ಲೈಡಿಗೂ ಅವಕಾಶವಿದೆ. ಎಲ್ಲವನ್ನೂ ವಿವರವಾಗಿ ಬರೆಯಬಹುದು.

ಬಣ್ಣದ ಪೆಟ್ಟಿಗೆ
@ವರುಣಾ ನಾಲೆ ಅವಕಾಶವಿದೆ ನಿಜ, ಓದುವ ತಾಳ್ಮೆ ಇಲ್ಲ. ಐದಕ್ಕೆ ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ.

ತೆಂಗಿನ ತೋಪು
ನಮ್ಮ ರಸ್ತೆಗೆ ನಾಲ್ಕು ದಿನದಿಂದ ಕಸದ ಗಾಡಿ ಬಂದಿಲ್ಲ. ಈ ಶ್ರಮದಾನಕ್ಕೆ ಹೆಸರು ಕೊಟ್ಟರೆ ನಮ್ಮ ಮನೆ ಕಸವನ್ನೂ ತೆಗೆದುಕೊಂಡು ಹೋಗುತ್ತೀರಾ?

ಹನ್ನೊಂದನೇ ಅಡ್ಡರಸ್ತೆ
@ತೆಂಗಿನ ತೋಪು ಇಲ್ಲ ಸಾರ್, ಇದು ಆ ಒಂದು ಮೂಲೆಗೆ ಮಾತ್ರ. ಮನೆ ಕಸದ ದೂರನ್ನು ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಕೊಡಿ.

ಗೋಣಿಚೀಲ
ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಇಂಥ ಮೂಲೆಗಳನ್ನು ಸರಿಪಡಿಸುವ ತಂಡಗಳ ಜೊತೆ ಓಡಾಡಿದ್ದೇನೆ. ಸ್ಲೈಡುಗಳ ಕ್ರಮದ ಬಗ್ಗೆ ಮೇಲೆ ಹೇಳಿದ್ದು ಸರಿಯಾಗಿದೆ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ: ರಾಶಿಯಲ್ಲಿ ಏನೇನಿದೆ ಎಂದು ಹತ್ತಿರ ಹೋಗಿ ನೋಡಿದ್ದೀರಾ? ಕೆಲಸಗಳ ಪಟ್ಟಿ ಹುಟ್ಟುವುದು ಅಲ್ಲಿಂದ.

ಮೇಲೆ ಪ್ಲಾಸ್ಟಿಕ್ ಕವರ್ ಕಾಣಿಸುತ್ತದೆ. ಒಂದು ಕಡ್ಡಿಯಿಂದ ಕೆದಕಿ ನೋಡಿದರೆ ಅಡಿಯಲ್ಲಿ ಇಟ್ಟಿಗೆ ಚೂರು, ಒಡೆದ ಟೈಲ್ಸ್, ಗಾರೆ ಇರುತ್ತದೆ. ಯಾರೋ ಮನೆ ದುರಸ್ತಿ ಮಾಡಿಸಿ ಸುರಿದ ಅವಶೇಷದ ಮೇಲೆ ಉಳಿದವರು ಕವರ್ ಎಸೆಯಲು ಆರಂಭಿಸಿರುತ್ತಾರೆ. ಕಸದ ಆಟೋದವರು ಕಟ್ಟಡದ ಅವಶೇಷವನ್ನು ಮುಟ್ಟುವುದಿಲ್ಲ. ಅದಕ್ಕೆ ಬೇರೆ ಟ್ರ್ಯಾಕ್ಟರ್ ಬೇಕು, ಸಲಿಕೆ, ಹಾರೆ, ಬಾಂಡ್ಲಿ ಬೇಕು, ಅದನ್ನು ಹಿಡಿಯಬಲ್ಲ ಜನ ಬೇಕು. ‘ಕೈಗವಸು ತೊಟ್ಟು ಬನ್ನಿ’ ಎಂದಷ್ಟೇ ಬರೆದು ಮೂವತ್ತು ಜನರನ್ನು ಕರೆಸಿದರೆ, ಕವರ್ ಹೆಕ್ಕುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಪ್ಪತ್ತು ಜನ ಸುಮ್ಮನೆ ನಿಲ್ಲುತ್ತಾರೆ, ಮುಖ್ಯ ರಾಶಿ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಕರೆದರೆ ಆ ಇಪ್ಪತ್ತು ಜನ ಬರುವುದಿಲ್ಲ.

ಒಂದು ವಾರದ ದಿನ ಬೆಳಿಗ್ಗೆ ಅಲ್ಲಿನ ಪೌರಕಾರ್ಮಿಕರ ಜೊತೆ ನಿಂತು ನೋಡಿ. ಯಾವ ಹೊತ್ತಿಗೆ ಯಾರು ಎಸೆಯುತ್ತಾರೆ ಎಂಬುದೂ ಅವರಿಗೆ ಗೊತ್ತಿರುತ್ತದೆ.

ಹನ್ನೊಂದನೇ ಅಡ್ಡರಸ್ತೆ
@ಗೋಣಿಚೀಲ ಇಂದು ಬೆಳಿಗ್ಗೆ ಹೋಗಿ ನೋಡಿ ಬಂದೆವು. ನೀವು ಹೇಳಿದಂತೆಯೇ ಇದೆ. ಅಗಲ ಸುಮಾರು ಇಪ್ಪತ್ತು ಅಡಿ. ಒಂದು ಬದಿಯಲ್ಲಿ ಟೈಲ್ಸ್ ಚೂರು ಮತ್ತು ಗಾರೆ, ನಡುವೆ ಕವರ್, ಎಳನೀರು ಚಿಪ್ಪು, ಒಂದು ಹಳೆಯ ಹಾಸಿಗೆ. ಚರಂಡಿ ಪಕ್ಕದಲ್ಲಿ ಬಾಟಲಿ ಚೂರು. ಎಸೆಯುವುದು ಹೆಚ್ಚಾಗಿ ರಾತ್ರಿ ಎಂಟರ ನಂತರ, ಸ್ಕೂಟರಿನಲ್ಲಿ ಬಂದು ನಿಲ್ಲಿಸದೆಯೇ ಎಸೆದು ಹೋಗುತ್ತಾರಂತೆ.

ಗೋಣಿಚೀಲ
ಹಾಗಾದರೆ ನಿಮ್ಮ ಎರಡನೆಯ ಸ್ಲೈಡು ಹೀಗಿರಬಹುದು. ಪ್ರತಿಯೊಂದಕ್ಕೂ ಅಂಕಿ ಕೊಡಿ, ಏಕೆಂದು ಆಮೇಲೆ ಹೇಳುತ್ತೇನೆ.

1. ಮನೆ ಮನೆಗೆ ಹೋಗಿ ತಿಳಿಸುವವರು: 4 ಜನ. ಶನಿವಾರ ಸಂಜೆ 5ರಿಂದ 6.30.
2. ಗುಡಿಸಿ ಹೆಕ್ಕುವವರು, ವಿಂಗಡಿಸುವವರು: 12 ಜನ. ಭಾನುವಾರ 6.30ರಿಂದ 8.30.
3. ಸಲಿಕೆ ಹಿಡಿಯುವವರು, ಹೊರುವವರು: 8 ಜನ. 6.30ರಿಂದ 8.30.
4. ವಾಹನ ಹೊರಡುವವರೆಗೆ ನಿಲ್ಲುವವರು: 4 ಜನ. 8ರಿಂದ 10.
5. ಸಂಜೆ ಕಾವಲು: ಮುಂದಿನ 14 ದಿನ, ದಿನಕ್ಕೆ 2 ಜನ, ರಾತ್ರಿ 8ರಿಂದ 8.30.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಎಂಟೂವರೆಗೆ ಫೋಟೊ ತೆಗೆದುಕೊಂಡು ಜನ ಚದುರುತ್ತಾರೆ, ಚೀಲಗಳು ರಸ್ತೆ ಬದಿಯಲ್ಲಿ ಕುಳಿತಿರುತ್ತವೆ, ಗಾಡಿ ಬರುವುದು ಒಂಬತ್ತೂವರೆಗೆ. ಅಷ್ಟರಲ್ಲಿ ನಾಯಿಗಳು ಚೀಲ ಹರಿದಿರುತ್ತವೆ. ಎರಡು ಗಂಟೆ ಎಂದು ಕರೆದು ಬಂದವರನ್ನೇ ಮೂರೂವರೆ ಗಂಟೆ ನಿಲ್ಲಿಸಿಕೊಂಡರೆ ಅವರಿಗೆ ಸಿಟ್ಟು ಬರುವುದು ಸಹಜ. ಆದ್ದರಿಂದ ಕಾಯುವುದನ್ನೇ ಒಂದು ಕೆಲಸವೆಂದು ಸ್ಲೈಡಿನಲ್ಲಿ ಹಾಕಿ, ಬೇರೆ ಜನರಿಗೆ ಕೊಡಿ. ಎಂಟಕ್ಕೆ ಬರುವವರು ದಣಿದಿರುವುದಿಲ್ಲ.

ಐದನೆಯದು ಇಲ್ಲದಿದ್ದರೆ ಉಳಿದ ನಾಲ್ಕೂ ವ್ಯರ್ಥ. ಎಸೆಯುವವರು ರಾತ್ರಿ ಎಂಟರ ಮೇಲೆ ಬರುತ್ತಾರೆಂದು ನೀವೇ ಹೇಳಿದ್ದೀರಿ. ಸೋಮವಾರ ಮೊದಲ ಕವರ್ ಬಿದ್ದು ಅಲ್ಲಿಯೇ ಉಳಿಯಿತೆಂದರೆ ಗುರುವಾರಕ್ಕೆ ಹಳೆಯ ಸ್ಥಿತಿ ಮರಳುತ್ತದೆ. ಅಲ್ಲಿ ಇಬ್ಬರು ಮಾತನಾಡಿಕೊಂಡು ನಿಂತಿದ್ದರೆ ಸಾಕು, ಯಾರನ್ನೂ ತಡೆಯಬೇಕಾಗಿಲ್ಲ, ಜಗಳವಂತೂ ಬೇಡ. 14 ದಿನಕ್ಕೆ 28 ಸರದಿ. ಒಬ್ಬರು ಎರಡು ಸಂಜೆ ಒಪ್ಪಿಕೊಂಡರೆ 14 ಜನ ಸಾಕಾಗುತ್ತದೆ. ಭಾನುವಾರ ಬೆಳಿಗ್ಗೆ ಏಳಲಾಗದವರು, ಬೆನ್ನು ನೋವಿರುವವರು, ಅಂಗಡಿ ನಡೆಸುವವರು ಇದಕ್ಕೆ ಸಿಗುತ್ತಾರೆ.

ನಿವೃತ್ತ ಮೇಷ್ಟ್ರು
ಗೋಣಿಚೀಲ ಅವರೇ, ಬೆಳಿಗ್ಗೆಯ ಕೆಲಸವನ್ನು ಎರಡು ಮೂರು ತುಂಡು ಮಾಡುವುದರಿಂದ ಗೊಂದಲವಾಗುವುದಿಲ್ಲವೇ? ನಮ್ಮ ಕಾಲದಲ್ಲಿ ಶ್ರಮದಾನವೆಂದರೆ ಎಲ್ಲರೂ ಎಲ್ಲ ಕೆಲಸಕ್ಕೂ ಕೈ ಹಾಕುತ್ತಿದ್ದರು. ಮೇಲು ಕೀಳು ಇರಲಿಲ್ಲ.

ಗೋಣಿಚೀಲ
@ನಿವೃತ್ತ ಮೇಷ್ಟ್ರು ಮೇಲು ಕೀಳಿನ ಮಾತಲ್ಲ ಸಾರ್. ಎಪ್ಪತ್ತರ ಹಿರಿಯರಿಗೆ ‘ಬನ್ನಿ, ಏನಾದರೂ ಮಾಡೋಣ’ ಎಂದರೆ ತಮ್ಮಿಂದ ಏನಾಗುತ್ತದೆ ಎಂದು ಅನುಮಾನಿಸಿ ಮನೆಯಲ್ಲೇ ಉಳಿಯುತ್ತಾರೆ. ‘ಟಾರ್ಪಾಲಿನ ಬಳಿ ಕುರ್ಚಿ ಹಾಕಿಕೊಂಡು ಬಾಟಲಿ, ಕವರ್ ಬೇರೆ ಮಾಡುವುದು’ ಎಂದು ಬರೆದರೆ ಬರುತ್ತಾರೆ. ಯಾವ ಕೆಲಸಕ್ಕೆ ಬಗ್ಗಬೇಕು, ಯಾವುದಕ್ಕೆ ಭಾರ ಹೊರಬೇಕು ಎಂದು ಪ್ರತಿ ಸಾಲಿನಲ್ಲೂ ಎರಡು ಪದ ಸೇರಿಸಿದರೆ ಒಳ್ಳೆಯದು.

ನಿವೃತ್ತ ಮೇಷ್ಟ್ರು
ಈ ವಿವರಣೆ ಒಪ್ಪುವಂತಿದೆ. ಆದರೂ ವಿಂಗಡಿಸುವವರು ಸ್ವಲ್ಪ ಹೊತ್ತು ಸಲಿಕೆ ಹಿಡಿದರೆ ತಪ್ಪೇನು ಎಂಬ ಮಾತಿಗೆ ನಾನು ಬದ್ಧ.

ಪಡುವಣ ಗಾಳಿ
ತೆರಿಗೆ ಕಟ್ಟುವುದು ಯಾಕೆ ಹಾಗಾದರೆ? ಇದು ಪಾಲಿಕೆಯ ಕೆಲಸ. ನೀವು ಹೀಗೆ ಮಾಡುತ್ತಾ ಹೋದರೆ ಅವರು ಇನ್ನಷ್ಟು ಕೈಕಟ್ಟಿ ಕೂರುತ್ತಾರೆ.

ಮುಂಜಾನೆ ಪಾಳಿ
@ಪಡುವಣ ಗಾಳಿ ನನ್ನ ಅಮ್ಮ ಪೌರಕಾರ್ಮಿಕರು. ಆ ಮೂಲೆಯಂಥ ಮೂಲೆಗಳನ್ನು ಅವರು ತೆಗೆಯುತ್ತಲೇ ಇರುತ್ತಾರೆ, ಮರುದಿನ ಮತ್ತೆ ಬಿದ್ದಿರುತ್ತದೆ. ಪಾಲಿಕೆ ಬಂದು ತೆಗೆದರೂ ಸ್ಕೂಟರಿನವರನ್ನು ನಿಲ್ಲಿಸುವುದು ಬಡಾವಣೆಯವರಿಂದ ಮಾತ್ರ ಸಾಧ್ಯ.

ಪೋಸ್ಟ್ ಹಾಕಿದವರಿಗೆ ಎರಡು ಮಾತು. ಪೌರಕಾರ್ಮಿಕರು ಆ ದಿನ ನಿಮ್ಮ ಜೊತೆ ಬರುತ್ತಾರೆಂದು ಅವರನ್ನು ಕೇಳದೆ ಸ್ಲೈಡಿನಲ್ಲಿ ಬರೆಯಬೇಡಿ. ಅಮ್ಮ ಬೆಳಗಿನ ಜಾವಕ್ಕೇ ಕೆಲಸ ಆರಂಭಿಸಿರುತ್ತಾರೆ. ತಮ್ಮ ಪಾಳಿ ಮುಗಿಸಿ ನಿಮ್ಮ ಚೀಲಗಳನ್ನೂ ಹೊರಬೇಕೆಂದರೆ ಅದು ಅವರ ಮೇಲೆ ಹೊರೆಯೇ. ಇನ್ನೊಂದು, ಶಾಲು ಹೊದಿಸಿ ಫೋಟೊ ತೆಗೆಯುವುದಕ್ಕಿಂತ ಗಾಜಿನ ಚೂರು, ಸೂಜಿಗಳನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟು ಕೊಟ್ಟರೆ ಅಮ್ಮನಿಗೆ ಹೆಚ್ಚು ಸಂತೋಷವಾಗುತ್ತದೆ. ಚೀಲ ಎತ್ತುವಾಗ ಒಳಗಿನ ಗಾಜು ತೊಡೆಗೆ ತಗುಲಿ ಅವರಿಗೆ ಹೊಲಿಗೆ ಹಾಕಿಸಿದ್ದೇವೆ.

ಗೋಣಿಚೀಲ
@ಮುಂಜಾನೆ ಪಾಳಿ ಇದು ಮೂರನೆಯ ಸ್ಲೈಡಿಗೆ ಹೋಗಲೇಬೇಕು. ‘ಏನು ತರಬೇಕು’ ಎಂಬ ಸ್ಲೈಡು ಅದು. ಬೂಟು ಅಥವಾ ಮುಚ್ಚಿದ ಚಪ್ಪಲಿ, ಉದ್ದ ಪ್ಯಾಂಟು, ನೀರಿನ ಬಾಟಲಿ. ಕೈಗವಸು ಸಂಘಟಕರೇ ಕೊಡಿ. ಆಸ್ಪತ್ರೆಯಲ್ಲಿ ಬಳಸುವ ತೆಳ್ಳನೆಯದು ಟೈಲ್ಸ್ ಚೂರಿಗೆ ಕ್ಷಣದಲ್ಲಿ ಹರಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಅಂಗೈಗೆ ರಬ್ಬರ್ ಬಳಿದ ನೂಲಿನ ಗವಸು ಬೇಕು. ಗಾಜಿಗೆ ಮುಚ್ಚಳವಿರುವ ಹಳೆಯ ಎಣ್ಣೆ ಡಬ್ಬಿ. ಚೀಲವನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಸಿಮೆಂಟ್ ಚೀಲದ ತುಂಬ ಹಸಿ ಮಣ್ಣು, ಗಾರೆ ತುಂಬಿದರೆ ಇಬ್ಬರಿಂದಲೂ ಎತ್ತಲಾಗುವುದಿಲ್ಲ.

ವರುಣಾ ನಾಲೆ
ಇಷ್ಟು ಜನ ರಸ್ತೆಯಲ್ಲಿ ಸೇರಲು ಪೊಲೀಸ್ ಅನುಮತಿ ಕಡ್ಡಾಯ. ಮೊದಲು ಅದನ್ನು ತೆಗೆದುಕೊಳ್ಳಿ.

ಗೋಣಿಚೀಲ
@ವರುಣಾ ನಾಲೆ ಅನುಮತಿಯ ಮಾತು ಬರುವುದು ಮೆರವಣಿಗೆ, ರಸ್ತೆ ತಡೆ ಇದ್ದಾಗ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ 2016ರ ಘನತ್ಯಾಜ್ಯ ನಿಯಮ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಿದ್ದರೆ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು ಅದರಲ್ಲಿ ಹೇಳಿದ್ದರು. ಮೂವತ್ತು ಜನರಿಗೆ ಅದು ಅನ್ವಯಿಸುತ್ತಿರಲಿಲ್ಲ. ಆದರೂ ವಾರ್ಡ್ ಕಚೇರಿಗೆ ಒಂದು ಪತ್ರ ಕೊಟ್ಟು, ಗಾಡಿ ಮತ್ತು ಟ್ರ್ಯಾಕ್ಟರ್ ಎಷ್ಟು ಗಂಟೆಗೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಆ ಗಂಟೆ ಗೊತ್ತಾಗುವವರೆಗೆ ನಾಲ್ಕನೆಯ ಕೆಲಸದ ಸಮಯವನ್ನು ಸ್ಲೈಡಿನಲ್ಲಿ ಅಚ್ಚು ಹಾಕಬೇಡಿ.

ಅಂಚೆ ಡಬ್ಬ
ಹೆಸರು ನೋಂದಣಿಗೆ ಗೂಗಲ್ ಫಾರ್ಮ್ ಮಾಡಿ. ಹೆಸರು, ವಯಸ್ಸು, ವಿಳಾಸ, ರಕ್ತದ ಗುಂಪು, ಗುರುತಿನ ಚೀಟಿಯ ಫೋಟೊ, ಎಲ್ಲವೂ ಒಂದೇ ಕಡೆ ಸಿಗುತ್ತದೆ.

ಬಣ್ಣದ ಪೆಟ್ಟಿಗೆ
@ಅಂಚೆ ಡಬ್ಬ ಪಟ್ಟಿ ಅಚ್ಚುಕಟ್ಟಾಗಿ ಸಿಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಫೋಟೊ ಅಪ್‌ಲೋಡ್ ಮಾಡುವ ಪ್ರಶ್ನೆ ಇಟ್ಟರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕಾಗುತ್ತದೆ. ಅಲ್ಲಿಗೇ ಅರ್ಧ ಜನ ಬಿಟ್ಟುಬಿಡುತ್ತಾರೆ. ಕಸ ಎತ್ತಲು ಬರುವವರ ಗುರುತಿನ ಚೀಟಿ ನಮಗೇಕೆ?

ಕ್ಯೂಆರ್ ಕೋಡ್ ಬಗ್ಗೆಯೂ ಹೇಳಬೇಕು. ಅದು ಗೋಡೆಗೆ ಅಂಟಿಸಿದ ಕಾಗದಕ್ಕೆ ಸರಿ. ಮೊಬೈಲ್ ಪರದೆಯ ಮೇಲಿರುವ ಕೋಡನ್ನು ಅದೇ ಮೊಬೈಲ್ ಕ್ಯಾಮೆರಾದಿಂದ ಹೇಗೆ ತೆಗೆಯುವುದು? ಸ್ಕ್ರೀನ್‌ಶಾಟ್ ತೆಗೆದು ಅದನ್ನು ಓದಿಸುವ ದಾರಿ ತಿಳಿದವರು ಕಡಿಮೆ. ಪೋಸ್ಟಿನ ವಿವರಣೆಯಲ್ಲಿ ಕೊಂಡಿ ಹಾಕಿದರೆ ಅದನ್ನು ಒತ್ತಲು ಬರುವುದಿಲ್ಲ. ಪ್ರೊಫೈಲಿನಲ್ಲಿ ಅಥವಾ ಸ್ಟೋರಿಯಲ್ಲಿ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ.

ಗೋಣಿಚೀಲ
ಅಂಕಿಗಳ ಉಪಯೋಗ ಇಲ್ಲಿದೆ. ‘ನಿಮ್ಮ ಕೆಲಸದ ಅಂಕಿಯನ್ನು ಈ ವಾಟ್ಸ್ಆ್ಯಪ್ ಸಂಖ್ಯೆಗೆ ಕಳುಹಿಸಿ’ ಎಂದರೆ ನೋಂದಣಿ ಮುಗಿಯಿತು. ಪ್ರೊಫೈಲಿನಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಕೊಂಡಿ ಕೊಡಿ, ಮೂರನೆಯ ಕೆಲಸದ್ದು ಹೀಗಿರುತ್ತದೆ:

```
https://wa.me/91XXXXXXXXXX?text=3
```

X ಇರುವಲ್ಲಿ ನಿಮ್ಮ ಹತ್ತು ಅಂಕಿಗಳು. ಮುಂದೆ ಪ್ಲಸ್ ಚಿಹ್ನೆ, ನಡುವೆ ಜಾಗ, ಯಾವುದೂ ಬೇಡ. ಒತ್ತಿದರೆ 3 ಎಂದು ಬರೆದ ಸಂದೇಶ ತೆರೆಯುತ್ತದೆ, ಕಳುಹಿಸಿದರೆ ಸಾಕು.

ಅದಕ್ಕೆ ನೀವು ಕೊಡುವ ಉತ್ತರದಲ್ಲಿ ಎಲ್ಲಿ, ಎಷ್ಟು ಗಂಟೆಗೆ, ಏನು ತರಬೇಕು ಎಂಬ ಮೂರು ಸಾಲು ಇರಲಿ, ಕೊನೆಯಲ್ಲಿ ‘ಈ ಸಂಖ್ಯೆಯನ್ನು ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ’ ಎಂದಿರಲಿ. ಶನಿವಾರ ನೆನಪಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿದರೆ, ನಿಮ್ಮ ಸಂಖ್ಯೆ ಉಳಿಸಿಕೊಳ್ಳದವರಿಗೆ ಆ ಸಂದೇಶ ತಲುಪುವುದೇ ಇಲ್ಲ. ‘ನೆನಪಿಸಿದರೂ ಬರಲಿಲ್ಲ’ ಎಂದು ದೂರುವವರಲ್ಲಿ ಬಹಳ ಜನರಿಗೆ ಈ ಕಾರಣ ಗೊತ್ತಿರುವುದಿಲ್ಲ.

ಮಲ್ಲಿಗೆ ಬಳ್ಳಿ
ಯಾರ ಸಂಖ್ಯೆ ಹಾಕುತ್ತೀರಿ? ನಮ್ಮ ಬಡಾವಣೆಯಲ್ಲಿ ನನ್ನ ಸಂಖ್ಯೆಯನ್ನು ಹೀಗೆ ಚಿತ್ರದಲ್ಲಿ ಹಾಕಿದ್ದರು. ಕಾರ್ಯಕ್ರಮ ಮುಗಿದು ತಿಂಗಳುಗಳಾದರೂ ಅಪರಿಚಿತರ ರಾತ್ರಿ ಕರೆಗಳು ನಿಲ್ಲಲಿಲ್ಲ. ಕೊನೆಗೆ ಸಂಖ್ಯೆ ಬದಲಾಯಿಸಿದೆ. ಹೆಣ್ಣುಮಕ್ಕಳ ಸ್ವಂತ ಸಂಖ್ಯೆಯನ್ನು ದಯವಿಟ್ಟು ಹಾಕಬೇಡಿ. ಗುಂಪಿಗೆ ಸೇರಿಸಿದರೂ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ.

ಅಂಚೆ ಡಬ್ಬ
@ಮಲ್ಲಿಗೆ ಬಳ್ಳಿ ಇದಕ್ಕೇ ನಾನು ಫಾರ್ಮ್ ಎಂದದ್ದು. ಅದರಲ್ಲಿ ಯಾರ ಸಂಖ್ಯೆಯೂ ಹೊರಗೆ ಬರುವುದಿಲ್ಲ.

ಗೋಣಿಚೀಲ
ಈ ಮಾತಿನಲ್ಲಿ ಸತ್ಯವಿದೆ. ನಮ್ಮ ತಂಡದಲ್ಲಿ ಬೇರೆ ಸಿಮ್ ತೆಗೆದುಕೊಂಡು ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಂಡಿದ್ದೇವೆ. ಬಂದ ಸಂದೇಶಗಳಿಗೆ ಕೆಲಸದ ಪ್ರಕಾರ ಲೇಬಲ್ ಅಂಟಿಸಬಹುದು, ಮೊದಲ ಉತ್ತರ ತಾನಾಗಿಯೇ ಹೋಗುತ್ತದೆ. ಬೇರೆ ಸಿಮ್ ಇಲ್ಲದಿದ್ದರೆ ಎರಡು ಪ್ರಶ್ನೆಗಳ ಫಾರ್ಮ್ ಉತ್ತಮ.

ಕಡಲ ತೀರ
ಮಂಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ರಾಮಕೃಷ್ಣ ಮಿಷನ್‌ನವರು ಭಾನುವಾರದ ಶ್ರಮದಾನವನ್ನು ವರ್ಷಗಟ್ಟಲೆ ನಡೆಸಿದವರು. ಅವರಿಗೆ ಕ್ಯಾರೋಸೆಲ್ ಇರಲಿಲ್ಲ, ಶಿಸ್ತು ಇತ್ತು. ಬೆಂಗಳೂರಿನ ‘ದಿ ಅಗ್ಲಿ ಇಂಡಿಯನ್’ ತಂಡ 2010ರಿಂದ ಹೆಸರು, ಮುಖ ಹೇಳಿಕೊಳ್ಳದೆ ಕೆಲಸ ಮಾಡಿದೆ. ‘ಕಾಮ್ ಚಾಲೂ, ಮೂಹ್ ಬಂದ್’ ಎಂಬುದು ಅವರ ಮಾತು. ಪ್ರಚಾರಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ?

ಬಣ್ಣದ ಪೆಟ್ಟಿಗೆ
@ಕಡಲ ತೀರ ವರ್ಷಗಟ್ಟಲೆ ನಡೆದಾಗ ಜನಕ್ಕೆ ದಿನ, ಜಾಗ ಬಾಯಿಪಾಠವಾಗಿರುತ್ತದೆ. ಇವರದು ಮೊದಲ ಸಲ. ಯಾರಿಗೂ ಏನೂ ಗೊತ್ತಿಲ್ಲ, ಹೇಳಲೇಬೇಕು.

ಅಂದ ಹಾಗೆ ಕನ್ನಡ ಅಕ್ಷರಗಳ ವಿಷಯ. ಸಾಲುಗಳ ನಡುವಿನ ಅಂತರವನ್ನು ವಿನ್ಯಾಸದ ಆ್ಯಪ್‌ಗಳು ಇಂಗ್ಲಿಷಿಗೆ ತಕ್ಕಂತೆ ಬಿಗಿಯಾಗಿ ಇಟ್ಟಿರುತ್ತವೆ. ‘ಸ್ವಚ್ಛತಾ’, ‘ರಾಷ್ಟ್ರ’, ‘ಶಸ್ತ್ರ’ ಇಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ, ಇಲ್ಲವೇ ಬಣ್ಣದ ಪಟ್ಟಿಯ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಅಂತರವನ್ನು 1.4ರ ಸುತ್ತ ಇಡಿ. ಹಳೆಯ ನುಡಿ ಕಡತದಿಂದ ಪಠ್ಯ ನಕಲಿಸಿದರೆ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಚಿತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಚೆನ್ನಾಗಿ ಓದಿಸಿಕೊಳ್ಳುತ್ತವೆ.

ನಿವೃತ್ತ ಮೇಷ್ಟ್ರು
ಕನ್ನಡದಲ್ಲಿ ಮಾಡುತ್ತಿರುವುದೇ ಸಂತೋಷ. ನಮ್ಮ ಬಡಾವಣೆಯ ಎಲ್ಲ ಸೂಚನೆಗಳೂ ಇಂಗ್ಲಿಷಿನಲ್ಲಿ ಬರುತ್ತವೆ. ಬೀದಿ ಕೊನೆಯ ಹೂವಿನ ಅಂಗಡಿಯವರಿಗೆ ಏನೂ ತಿಳಿಯುವುದಿಲ್ಲ, ಅಲ್ಲಿ ದಿನವಿಡೀ ಇರುವವರು ಅವರೇ.

ಗೋಣಿಚೀಲ
@ನಿವೃತ್ತ ಮೇಷ್ಟ್ರು ಐದನೆಯ ಕೆಲಸಕ್ಕೆ ಆ ಹೂವಿನ ಅಂಗಡಿಯವರನ್ನೇ ಮೊದಲು ಕೇಳಬೇಕು.

ಇನ್ನೊಂದು ಸಂಗತಿ. ವಾಟ್ಸ್ಆ್ಯಪ್‌ನಲ್ಲಿ ಎಲ್ಲರೂ ಐದೂ ಸ್ಲೈಡನ್ನು ಒಟ್ಟಿಗೆ ಕಳುಹಿಸುವುದಿಲ್ಲ. ಯಾರೋ ಕೆಲಸಗಳ ಪಟ್ಟಿಯೊಂದನ್ನೇ ಅಕ್ಕನಿಗೆ ಕಳುಹಿಸುತ್ತಾರೆ. ಅದರಲ್ಲಿ ದಿನ, ಜಾಗ ಇಲ್ಲದಿದ್ದರೆ ಅಕ್ಕನಿಗೆ ಅದು ಯಾವ ಊರಿನದೆಂದೂ ತಿಳಿಯುವುದಿಲ್ಲ. ಪ್ರತಿ ಸ್ಲೈಡಿನ ಕೆಳಗೆ ಒಂದು ಪಟ್ಟಿ ಎಳೆದು ಸ್ಥಳ, ದಿನಾಂಕ, ಸಂಪರ್ಕ ಸಂಖ್ಯೆ ಹಾಕಿ. ತಿಂಗಳ ಹೆಸರನ್ನೂ ಬರೆಯಿರಿ. ‘ಈ ಭಾನುವಾರ’ ಎಂದು ಬರೆದ ಚಿತ್ರ ಮುಂದಿನ ತಿಂಗಳವರೆಗೂ ಸುತ್ತುತ್ತಲೇ ಇರುತ್ತದೆ.

ಕಾಲೇಜು ಗೇಟು
ನಾವು ಎನ್‌ಎಸ್‌ಎಸ್ ವಿದ್ಯಾರ್ಥಿಗಳು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಎಷ್ಟು ಗಂಟೆ ಎಂದು ಸಹಿ ಮಾಡಿ ಬರೆದುಕೊಡುತ್ತೀರಾ? ಹಾಗಿದ್ದರೆ ಸ್ಲೈಡಿನಲ್ಲೇ ಹಾಕಿ, ನಮ್ಮ ತಂಡ ಬರುತ್ತದೆ. ಆದರೆ ನಮ್ಮ ಕಾರ್ಯಕ್ರಮ ಅಧಿಕಾರಿಗೆ ಮೊದಲೇ ಪತ್ರ ಬೇಕು.

ಮುಂಜಾನೆ ಪಾಳಿ
@ಕಾಲೇಜು ಗೇಟು ಬರುವುದಾದರೆ ಸಲಿಕೆ ಕೆಲಸಕ್ಕೆ ಬನ್ನಿ. ಅಲ್ಲಿ ಯಾವಾಗಲೂ ಜನ ಕಡಿಮೆ.

ಮಲ್ಲಿಗೆ ಬಳ್ಳಿ
ಚಿಕ್ಕ ಮಕ್ಕಳನ್ನು ಕರೆತರಬಹುದೇ? ನನ್ನ ಮಗಳಿಗೆ ಒಂಬತ್ತು ವರ್ಷ, ತುಂಬಾ ಹಟ ಮಾಡುತ್ತಿದ್ದಾಳೆ.

ಗೋಣಿಚೀಲ
ಗಾಜಿನ ಚೂರು ಇರುವ ರಾಶಿಗೆ ಮಕ್ಕಳು ಬೇಡ. ಶನಿವಾರ ಮನೆ ಮನೆಗೆ ಹೋಗುವ ಕೆಲಸಕ್ಕೆ ನಿಮ್ಮ ಜೊತೆ ಬರಲಿ.

ನಿವೃತ್ತ ಮೇಷ್ಟ್ರು
ದೂರದಿಂದ ನೋಡಲಾದರೂ ಬರಲಿ ಎನ್ನುತ್ತೇನೆ. ನೋಡದೆ ಮಕ್ಕಳು ಕಲಿಯುವುದು ಹೇಗೆ?

ಪಡುವಣ ಗಾಳಿ
ತಿಂಡಿ ಇದೆಯೇ? ಇದ್ದರೆ ಅದನ್ನೂ ಸ್ಲೈಡಿನಲ್ಲಿ ಹಾಕಿ. ಸ್ಟೀಲ್ ತಟ್ಟೆಯಲ್ಲಿ ಕೊಡಿ. ಕಸ ತೆಗೆಯಲು ಬಂದವರು ಕಾಗದದ ತಟ್ಟೆಗಳ ಇನ್ನೊಂದು ರಾಶಿ ಮಾಡಿ ಹೋದದ್ದನ್ನು ನೋಡಿದ್ದೇನೆ.

ಹನ್ನೊಂದನೇ ಅಡ್ಡರಸ್ತೆ
ಎಲ್ಲರಿಗೂ ಧನ್ಯವಾದ. ಈಗ ಐದು ಸ್ಲೈಡಿಗೆ ಇಳಿಸಿದ್ದೇವೆ: ಮೊದಲನೆಯದರಲ್ಲಿ ರಾಶಿಯ ಫೋಟೊ ಮತ್ತು ಕರೆ; ಎರಡರಲ್ಲಿ ಐದು ಕೆಲಸಗಳು, ಜನ, ಸಮಯ; ಮೂರರಲ್ಲಿ ಏನು ತರಬೇಕು, ನಾವು ಏನು ಕೊಡುತ್ತೇವೆ; ನಾಲ್ಕರಲ್ಲಿ ಹೆಸರು ಕೊಡುವುದು ಹೇಗೆ; ಐದರಲ್ಲಿ ಮುಂದಿನ ಹದಿನಾಲ್ಕು ಸಂಜೆಗಳ ಪಟ್ಟಿ, ಖಾಲಿ ಇರುವ ದಿನಗಳಿಗೆ ಬೇರೆ ಬಣ್ಣ. ಸಂಖ್ಯೆಗೆ ಬೇರೆ ಸಿಮ್ ತರುತ್ತಿದ್ದೇವೆ. ಇಡ್ಲಿ ಕೊಡಬೇಕೋ ಬೇಡವೋ ಎಂದು ಇನ್ನೂ ನಮ್ಮೊಳಗೆ ವಾದ ನಡೆಯುತ್ತಿದೆ. ಗಾಡಿ ಒಂಬತ್ತಕ್ಕೆ ಬರುತ್ತದೆಂದು ವಾರ್ಡ್ ಕಚೇರಿಯಲ್ಲಿ ಹೇಳಿದ್ದಾರೆ. ಟ್ರ್ಯಾಕ್ಟರ್ ಬಗ್ಗೆ ಉತ್ತರ ಬಂದಿಲ್ಲ. ಅದು ಬಾರದಿದ್ದರೆ ಏನು ಮಾಡುವುದು?

ಗೋಣಿಚೀಲ
ಬಾಡಿಗೆಗೆ ಟ್ರ್ಯಾಕ್ಟರ್ ಹಿಡಿಯಬಹುದು, ಆದರೆ ಅವಶೇಷವನ್ನು ಎಲ್ಲಿ ಇಳಿಸಬೇಕೆಂದು ಪಾಲಿಕೆಯಿಂದ ತಿಳಿದುಕೊಂಡೇ ಹಿಡಿಯಿರಿ. ಇಲ್ಲದಿದ್ದರೆ ಚಾಲಕ ವರ್ತುಲ ರಸ್ತೆಯ ಬದಿಯಲ್ಲಿ ಸುರಿದು ಬರುತ್ತಾನೆ, ನಿಮ್ಮ ರಾಶಿ ಇನ್ನೊಬ್ಬರ ಊರಿಗೆ ಹೋದಂತಾಗುತ್ತದೆ. ಗುರುವಾರದೊಳಗೆ ಉತ್ತರ ಬಾರದಿದ್ದರೆ ಮೂರನೆಯ ಕೆಲಸವನ್ನು ಈ ಭಾನುವಾರಕ್ಕೆ ಕೈಬಿಡಿ. ಹೆಸರು ಕೊಟ್ಟ ಎಂಟು ಜನರಿಗೂ ಒಬ್ಬೊಬ್ಬರಿಗೇ ಕರೆ ಮಾಡಿ ಹೇಳಿ, ಗುಂಪಿನಲ್ಲಿ ಹಾಕಿ ಬಿಟ್ಟರೆ ಅರ್ಧ ಜನ ಸಲಿಕೆ ಹಿಡಿದು ಬಂದು ನಿಲ್ಲುತ್ತಾರೆ.